ಚಿಕ್ಕಮ್ಮ ಯಾವ ಚೌಕದಲ್ಲಿ ಟಿಕ್ ಹಾಕಬೇಕು?

ಮಗುವಿನ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯುವ ಅರ್ಜಿಯಲ್ಲಿ ಎರಡು ಸಣ್ಣ ಚೌಕಗಳಿರುತ್ತವೆ. ಒಂದರ ಮುಂದೆ ನ್ಯಾಚುರಲ್ ಗಾರ್ಡಿಯನ್, ಇನ್ನೊಂದರ ಮುಂದೆ ಲೀಗಲ್ ಗಾರ್ಡಿಯನ್. ಅಪ್ಪ ಅಮ್ಮ ಬಂದಿದ್ದರೆ ಮೊದಲನೆಯದಕ್ಕೆ ಟಿಕ್ ಹಾಕಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಅಕ್ಕನ ಮಗಳನ್ನು ಕೈಹಿಡಿದು ಕರೆತಂದ ಚಿಕ್ಕಮ್ಮ, ಮೊಮ್ಮಗನನ್ನು ಸಾಕುತ್ತಿರುವ ಅಜ್ಜಿ, ಹೆಂಡತಿಯ ಮೊದಲ ಮದುವೆಯ ಮಗುವಿಗೆ ಅಪ್ಪನ ಜಾಗದಲ್ಲಿ ನಿಂತವನು ಮಾತ್ರ ಅಲ್ಲೇ ತಡೆಯುತ್ತಾರೆ. ಮಗು ನಮ್ಮ ರಕ್ತವೇ ತಾನೇ, ಅಂದಮೇಲೆ ನ್ಯಾಚುರಲ್ ಎಂದು ಒಬ್ಬರು ಲೆಕ್ಕ ಹಾಕುತ್ತಾರೆ. ನಾವೇನೂ ಕಾನೂನುಬಾಹಿರವಾಗಿ ಇಟ್ಟುಕೊಂಡಿಲ್ಲವಲ್ಲ, ಹಾಗಾಗಿ ಲೀಗಲ್ ಎಂದು ಇನ್ನೊಬ್ಬರು. ಇಬ್ಬರ ಲೆಕ್ಕವೂ ತಪ್ಪು. ತಪ್ಪಾಗಿದೆ ಎಂದು ಆ ದಿನ ಯಾರಿಗೂ ಗೊತ್ತಾಗುವುದಿಲ್ಲ. ಹಣ ತೆಗೆಯಬೇಕಾದಾಗ, ಸೈಟು ಮಾರಬೇಕಾದಾಗ, ಬಂಧುಗಳ ನಡುವೆ ಜಗಳ ಹುಟ್ಟಿದಾಗ ಅದು ಎದ್ದು ಬರುತ್ತದೆ.

ಸುಕನ್ಯಾ ಸಮೃದ್ಧಿ ಖಾತೆಗಳಲ್ಲಿ ಹೀಗೇ ಆಯಿತು. 2015ರ ಜನವರಿಯಲ್ಲಿ ಶುರುವಾದ ಈ ಯೋಜನೆಯಡಿ ಹತ್ತು ವರ್ಷದೊಳಗಿನ ಹೆಣ್ಣುಮಗುವಿಗೆ ತಂದೆ ತಾಯಿ ಅಥವಾ ಕಾನೂನುಬದ್ಧ ಪಾಲಕರು ಮಾತ್ರ ಖಾತೆ ತೆರೆಯಬಹುದು. ಆದರೆ ಮೊಮ್ಮಗಳ ಮೇಲಿನ ಅಕ್ಕರೆಯಿಂದ ಅಜ್ಜ ಅಜ್ಜಿಯರು ಅಂಚೆ ಕಚೇರಿಗೆ ಹೋಗಿ, ಪಾಲಕರ ಜಾಗದಲ್ಲಿ ತಮ್ಮ ಹೆಸರನ್ನೇ ಬರೆದು ಖಾತೆ ತೆರೆದಿದ್ದರು. ಕೌಂಟರಿನಲ್ಲಿ ಯಾರೂ ತಡೆಯಲಿಲ್ಲ. 2024ರ ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಇಂಥ ಖಾತೆಗಳನ್ನು ಸರಿಪಡಿಸುವ ಮಾರ್ಗಸೂಚಿ ಹೊರಡಿಸಿತು. ಅಕ್ಟೋಬರ್ 1ರಿಂದ ಜಾರಿಗೆ ಬಂದ ಅದರ ಪ್ರಕಾರ, ಅಜ್ಜ ಅಜ್ಜಿಯರು ಕಾನೂನುಬದ್ಧ ಪಾಲಕರಲ್ಲದಿದ್ದರೆ ಖಾತೆಯ ಪಾಲಕತ್ವವನ್ನು ಬದುಕಿರುವ ತಂದೆ ತಾಯಿಗೆ ಅಥವಾ ನ್ಯಾಯಾಲಯ ಒಪ್ಪಿದ ಪಾಲಕರಿಗೆ ವರ್ಗಾಯಿಸಬೇಕು. ದುಡ್ಡು ಹಾಕಿದ್ದು ಅಜ್ಜ, ಕಂತು ಕಟ್ಟಿದ್ದು ಅಜ್ಜ. ಆದರೂ ಆ ಚೌಕದಲ್ಲಿ ನಿಲ್ಲುವ ಹಕ್ಕು ಅವರಿಗೆ ಇರಲಿಲ್ಲ.

ಹಾಗಾದರೆ ಆ ಹಕ್ಕು ಯಾರದು? ಹಿಂದೂ, ಬೌದ್ಧ, ಜೈನ, ಸಿಖ್ ಕುಟುಂಬಗಳಿಗೆ ಅನ್ವಯಿಸುವ 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಒಂದು ಪಟ್ಟಿ ಕೊಡುತ್ತದೆ. ಆ ಪಟ್ಟಿ ಆಶ್ಚರ್ಯವಾಗುವಷ್ಟು ಚಿಕ್ಕದು. ಮದುವೆಯಿಂದ ಹುಟ್ಟಿದ ಮಗುವಿಗೆ ತಂದೆ, ಆಮೇಲೆ ತಾಯಿ. ಮದುವೆಯಾಚೆ ಹುಟ್ಟಿದ ಮಗುವಿಗೆ ಮೊದಲು ತಾಯಿ, ಆಮೇಲೆ ತಂದೆ. ಮದುವೆಯಾದ ಅಪ್ರಾಪ್ತ ಹುಡುಗಿಗೆ ಗಂಡ. ಪಟ್ಟಿ ಅಲ್ಲಿಗೇ ಮುಗಿಯಿತು. ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರಮಾವ, ಚಿಕ್ಕಮ್ಮ ಯಾರೂ ಅದರಲ್ಲಿಲ್ಲ. ಮಲತಂದೆ ಮಲತಾಯಿಯನ್ನಂತೂ ಅದೇ ಸೆಕ್ಷನ್ ಹೆಸರು ಹಿಡಿದೇ ಹೊರಗಿಟ್ಟಿದೆ. ಅಂದರೆ ಈ ಅರ್ಜಿಗಳ ಮಟ್ಟಿಗೆ ಸಹಜ ಪಾಲಕರೆಂದರೆ ತಂದೆ ಮತ್ತು ತಾಯಿ, ಅಷ್ಟೇ. ರಕ್ತಸಂಬಂಧ ಎಷ್ಟು ಹತ್ತಿರದ್ದು, ಮಗುವನ್ನು ಎಷ್ಟು ವರ್ಷ ಸಾಕಿದ್ದಾರೆ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ತಾಯಿಯ ಸ್ಥಾನವೂ ಬಹುಕಾಲ ಸರಳವಾಗಿರಲಿಲ್ಲ. ಲೇಖಕಿ ಗೀತಾ ಹರಿಹರನ್ 1984ರಲ್ಲಿ ತಮ್ಮ ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಅರ್ಜಿ ಹಾಕಿ, ಪಾಲಕಿಯಾಗಿ ತಾವೇ ಸಹಿ ಮಾಡಿದರು. ಗಂಡ ಬದುಕಿದ್ದರು, ಜೊತೆಯಲ್ಲೇ ಇದ್ದರು, ಹೆಂಡತಿಯೇ ಪಾಲಕಿಯಾಗಲಿ ಎಂದು ಒಪ್ಪಿಯೂ ಇದ್ದರು. ಆದರೆ ಬ್ಯಾಂಕು ಅರ್ಜಿಯನ್ನು ವಾಪಸು ಕಳಿಸಿತು: ಒಂದೋ ತಂದೆಯ ಸಹಿ ಬೇಕು, ಇಲ್ಲವೇ ತಾಯಿಯೇ ಪಾಲಕಿ ಎಂಬ ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ ಬೇಕು. ಹೆತ್ತ ತಾಯಿಯನ್ನೇ ಲೀಗಲ್ ಗಾರ್ಡಿಯನ್ ಚೌಕಕ್ಕೆ ತಳ್ಳಿದ ಹಾಗಾಯಿತು. ಗೀತಾ ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿ 17ರಂದು ತೀರ್ಪು ಬಂತು. ತಂದೆಯ ನಂತರ ತಾಯಿ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ. ತಂದೆ ಊರಲ್ಲಿಲ್ಲದಿರಲಿ, ಕಾಯಿಲೆ ಬಿದ್ದಿರಲಿ, ಮಗುವಿನ ಗೊಡವೆಗೇ ಬಾರದಿರಲಿ, ಇಬ್ಬರೂ ಮಾತಾಡಿಕೊಂಡು ಜವಾಬ್ದಾರಿಯನ್ನು ತಾಯಿಗೆ ಬಿಟ್ಟಿರಲಿ, ಅಂಥ ಎಲ್ಲ ಸಂದರ್ಭಗಳಲ್ಲೂ ತಾಯಿ ಸಹಜ ಪಾಲಕಿಯೇ ಎಂದು ನ್ಯಾಯಾಲಯ ಹೇಳಿತು. ಇವತ್ತು ಮಗುವಿನ ಖಾತೆ ತೆರೆಯಲು ಬಂದ ತಾಯಿಯನ್ನು ಯಾರಾದರೂ ಕೋರ್ಟ್ ಆದೇಶ ತನ್ನಿ ಎಂದು ಕಳಿಸಿದರೆ ಅದು ಅನ್ಯಾಯ. ತಾಯಿಯನ್ನು ಪಾಲಕಿಯಾಗಿಟ್ಟು ಖಾತೆ ತೆರೆಯಬಹುದು ಎಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್ ಸುತ್ತೋಲೆಯಲ್ಲೂ ಸ್ಪಷ್ಟವಾಗಿ ಬರೆದಿದೆ.

ಇನ್ನು ಎರಡನೆಯ ಚೌಕ. ಲೀಗಲ್ ಗಾರ್ಡಿಯನ್ ಎಂದು ಟಿಕ್ ಹಾಕುವವರ ಕೈಯಲ್ಲಿ ಒಂದು ಕಾಗದ ಇರಲೇಬೇಕು. ಸಾಮಾನ್ಯವಾಗಿ ಅದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯ ಕೊಟ್ಟ ಆದೇಶ. ಅಪರೂಪಕ್ಕೆ ತಂದೆ ಅಥವಾ ತಾಯಿ ಉಯಿಲಿನಲ್ಲಿ ಪಾಲಕರನ್ನು ಹೆಸರಿಸಿರುತ್ತಾರೆ, ಆಗ ಆ ಉಯಿಲು. ಇವೆರಡರಲ್ಲಿ ಒಂದೂ ಇಲ್ಲದೆ ಮಗುವನ್ನು ಸಾಕುತ್ತಿರುವವರಿಗೆ ಕಾನೂನು ಮೂರನೆಯದೇ ಹೆಸರು ಕೊಟ್ಟಿದೆ. ಅವರು ವಸ್ತುಸ್ಥಿತಿಯಲ್ಲಿ ಮಾತ್ರ ಪಾಲಕರು. ಊಟ, ಬಟ್ಟೆ, ಶಾಲೆ, ಜ್ವರ ಬಂದರೆ ಆಸ್ಪತ್ರೆ, ಎಲ್ಲ ಅವರದೇ. ಮಗುವಿನ ಆಸ್ತಿಯ ಮೇಲೆ ಮಾತ್ರ ಅವರಿಗೆ ಯಾವ ಅಧಿಕಾರವೂ ಇಲ್ಲ. ಅರ್ಜಿಗಳಲ್ಲಿ ಇಂಥವರಿಗೆಂದು ಒಂದು ಚೌಕವೇ ಇರುವುದಿಲ್ಲ. ಗೊಂದಲದ ಬಹುಪಾಲು ಹುಟ್ಟುವುದು ಇಲ್ಲಿಂದ.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ವಕೀಲರ ಕಚೇರಿಗಳಿಗೆ ಬರುವ ಇಂಥ ಸಂಸಾರಗಳ ಕಥೆ ಹೆಚ್ಚುಕಡಿಮೆ ಹೀಗೇ ಇರುತ್ತದೆ. ತುಮಕೂರಿನಲ್ಲಿರುವ ಚಿಕ್ಕಮ್ಮನ ಮನೆಗೆ ಏಳು ವರ್ಷದ ಹುಡುಗಿ ಬಂದಿದ್ದಾಳೆ. ಅವಳ ಅಪ್ಪ ಅಮ್ಮ ಇಬ್ಬರೂ ಬೈಕ್ ಅಪಘಾತದಲ್ಲಿ ತೀರಿಕೊಂಡಿದ್ದಾರೆ. ಚಿಕ್ಕಮ್ಮನಿಗೆ ತನ್ನದೇ ಹತ್ತು ವರ್ಷದ ಮಗಳಿದ್ದಾಳೆ. ಹುಡುಗಿಯ ಅಪ್ಪ ಬಿಟ್ಟುಹೋದದ್ದು ಬ್ಯಾಂಕಿನಲ್ಲಿ ಒಂದು ಠೇವಣಿ, ಸ್ವಂತ ಸಂಪಾದನೆಯ ಒಂದು ಸೈಟು. ಅಪ್ಪನ ತಾಯಿ ಮೊದಲೇ ಹೋಗಿದ್ದರಿಂದ ಅವೆರಡೂ ಪೂರ್ತಿಯಾಗಿ ಹುಡುಗಿಗೇ ಬಂದಿವೆ. ಊರಲ್ಲಿ ಅಪ್ಪನ ತಂದೆ ಇದ್ದಾರೆ, ದುಡಿದು ಕೊಂಡ ನಾಲ್ಕು ಎಕರೆ ಅವರ ಹೆಸರಲ್ಲಿದೆ. ಜೊತೆಗೆ ದೊಡ್ಡಪ್ಪ ಇದ್ದಾರೆ. ಅಪ್ಪನ ಕಡೆಯವರು ತಾವಾದ್ದರಿಂದ ಹುಡುಗಿಗೆ ಪಾಲಕರು ತಾವೇ ಎಂಬುದು ಅವರ ನಂಬಿಕೆ.

ಶಾಲೆಗೆ ಸೇರಿಸುವಾಗ ಚಿಕ್ಕಮ್ಮನಿಗೆ ತೊಂದರೆ ಆಗುವುದಿಲ್ಲ. ಶಾಲೆಯ ದಾಖಲೆಯಲ್ಲಿ ಪೋಷಕರು ಎಂದರೆ ಮಗುವಿನ ದಿನದಿನದ ಹೊಣೆ ಹೊತ್ತವರು, ಸಭೆಗೆ ಬರುವವರು. ಅಲ್ಲಿ ಚಿಕ್ಕಮ್ಮ ಧಾರಾಳವಾಗಿ ತನ್ನ ಹೆಸರು ಬರೆಯಬಹುದು. ತಂದೆ ತಾಯಿಯ ಕಾಲಂನಲ್ಲಿ ಮಾತ್ರ ತೀರಿಕೊಂಡವರ ಹೆಸರೇ ಇರಬೇಕು. ಮಗುವಿಗೆ ನೋವಾಗದಿರಲಿ ಎಂದು ಕೆಲವರು ಆ ಕಾಲಂನಲ್ಲಿ ತಮ್ಮ ಹೆಸರು ಬರೆಸಿಬಿಡುತ್ತಾರೆ. ಹತ್ತು ವರ್ಷದ ನಂತರ ಜನನ ಪ್ರಮಾಣಪತ್ರದಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದು ಪಾಸ್‌ಪೋರ್ಟಿಗೆ ಓಡಾಡುವಾಗ ಅದೇ ಮಗು ಕಷ್ಟಪಡುತ್ತದೆ.

ಅಪಘಾತ ಪರಿಹಾರದ ಅರ್ಜಿಯನ್ನೂ ಚಿಕ್ಕಮ್ಮ ಹಾಕಬಹುದು. ಮೋಟಾರು ವಾಹನ ಅಪಘಾತ ನ್ಯಾಯಮಂಡಳಿಯ ಮುಂದೆ ಅಪ್ರಾಪ್ತೆಯ ಪರವಾಗಿ ನಿಲ್ಲುವವರನ್ನು ನೆಕ್ಸ್ಟ್ ಫ್ರೆಂಡ್ ಎಂದು ಕರೆಯುತ್ತಾರೆ. ಆ ಒಂದು ಕೇಸಿನ ಮಟ್ಟಿಗೆ ಮಗುವಿನ ಬಾಯಿಯಾಗಿ ಮಾತಾಡುವ ವ್ಯಕ್ತಿ ಎಂದಷ್ಟೇ ಅದರ ಅರ್ಥ. ಪರಿಹಾರ ಮಂಜೂರಾದರೆ ಮಗುವಿನ ಪಾಲನ್ನು ಸಾಮಾನ್ಯವಾಗಿ ಅದು ಪ್ರಾಪ್ತ ವಯಸ್ಸಿಗೆ ಬರುವವರೆಗೆ ಠೇವಣಿ ಇಡಲು ನ್ಯಾಯಮಂಡಳಿಯೇ ಹೇಳುತ್ತದೆ. ಆ ಕೇಸಿನ ಆದೇಶವನ್ನು ಕೈಯಲ್ಲಿ ಹಿಡಿದು, ಕೋರ್ಟೇ ನನ್ನನ್ನು ಗಾರ್ಡಿಯನ್ ಎಂದು ಒಪ್ಪಿದೆ ಎಂದು ಇನ್ನೊಂದು ಬ್ಯಾಂಕಿಗೆ ಹೋದರೆ ಕೆಲಸ ಆಗುವುದಿಲ್ಲ.

ಗಂಟು ಬೀಳುವುದು ಅಪ್ಪನ ಠೇವಣಿಯಲ್ಲಿ, ಸೈಟಿನಲ್ಲಿ. ಮಗುವಿನ ಪರವಾಗಿ ಹಣ ಪಡೆಯಲು ಬ್ಯಾಂಕು ಪಾಲಕತ್ವದ ಆದೇಶ ಕೇಳುತ್ತದೆ, ಕೇಳಲೇಬೇಕು. ಈ ಹಂತದಲ್ಲಿ ಬಹಳ ಮಂದಿ ನೋಟರಿ ಹತ್ತಿರ ಹೋಗುತ್ತಾರೆ. ಸ್ಟ್ಯಾಂಪ್ ಪೇಪರಿನ ಮೇಲೆ, ಈ ಮಗುವನ್ನು ನಾನೇ ಸಾಕುತ್ತಿದ್ದೇನೆ, ಇದಕ್ಕೆ ನಾನೇ ಗಾರ್ಡಿಯನ್ ಎಂದು ಅಫಿಡವಿಟ್ ಮಾಡಿಸಿ ಮೊಹರು ಹಾಕಿಸಿಕೊಂಡು ಬರುತ್ತಾರೆ. ಅಫಿಡವಿಟ್ ಎಂದರೆ ಒಬ್ಬರು ಪ್ರಮಾಣ ಮಾಡಿ ಹೇಳಿದ ಮಾತು, ಅಷ್ಟೇ. ತನಗಿಲ್ಲದ ಅಧಿಕಾರವನ್ನು ಪ್ರಮಾಣ ಮಾಡಿ ಹುಟ್ಟಿಸಿಕೊಳ್ಳಲು ಯಾರಿಗೂ ಆಗುವುದಿಲ್ಲ. ದೊಡ್ಡಪ್ಪ ಅಜ್ಜನಿಂದ ಒಪ್ಪಿಗೆಪತ್ರ ಬರೆಸಿ ತಂದರೂ ಅಷ್ಟೇ, ಏಕೆಂದರೆ ಪಾಲಕತ್ವ ಅಜ್ಜನ ಬಳಿಯೂ ಇಲ್ಲ.

ಈ ಹೊತ್ತಿನಲ್ಲಿ ಯಾರಾದರೂ ಆತುರಪಟ್ಟು ಸೈಟು ಮಾರಿದರೆ ಏನಾಗುತ್ತದೆ ಎಂಬುದನ್ನು ಕೊಳ್ಳುವವರೂ ತಿಳಿದಿರಬೇಕು. ತಂದೆ ತಾಯಿಯೇ ಆದರೂ ಮಗುವಿನ ಸ್ಥಿರಾಸ್ತಿಯನ್ನು ಮಾರಲು, ಅಡ ಇಡಲು, ಐದು ವರ್ಷಕ್ಕಿಂತ ಹೆಚ್ಚು ಕಾಲ ಗುತ್ತಿಗೆ ಕೊಡಲು ಮೊದಲೇ ನ್ಯಾಯಾಲಯದ ಅನುಮತಿ ಪಡೆಯಬೇಕು. ಪಡೆಯದೆ ಮಾರಿದರೆ, ದೊಡ್ಡದಾದ ಮೇಲೆ ಆ ಮಗು ವ್ಯವಹಾರವನ್ನು ತಳ್ಳಿಹಾಕಬಹುದು. ಅದಕ್ಕೆ ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಮೂರು ವರ್ಷದ ಅವಧಿ ಇದೆ. ನಮ್ಮ ದಾವಣಗೆರೆಯ ಶಾಮನೂರಿನ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ತಂದೆಯೊಬ್ಬರು 1971ರಲ್ಲಿ ಮೂವರು ಅಪ್ರಾಪ್ತ ಗಂಡುಮಕ್ಕಳ ಹೆಸರಲ್ಲಿ ನಿವೇಶನ ಕೊಂಡು, ಆಮೇಲೆ ಕೋರ್ಟಿನ ಅನುಮತಿ ಇಲ್ಲದೆ ಮಾರಿದ್ದರು. ಮಕ್ಕಳು ಬೆಳೆದ ಮೇಲೆ, ಹಳೆಯ ಕ್ರಯಪತ್ರ ರದ್ದು ಮಾಡಿ ಎಂದು ದಾವೆ ಹೂಡದೆ, ಅದೇ ಜಾಗವನ್ನು ಬೇರೆಯವರಿಗೆ ಮಾರಿದರು. ಹಾಗೆ ಮಾರಿದ್ದೇ ಹಳೆಯ ವ್ಯವಹಾರವನ್ನು ತಿರಸ್ಕರಿಸಿದ್ದಕ್ಕೆ ಸಾಕು, ಪ್ರತ್ಯೇಕ ದಾವೆ ಹೂಡಲೇಬೇಕೆಂದಿಲ್ಲ ಎಂದು 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಸಹಜ ಪಾಲಕರು ಮಾರಿದರೇ ಹೀಗೆ. ಚಿಕ್ಕಮ್ಮನೋ ದೊಡ್ಡಪ್ಪನೋ ಬರೀ ಸಾಕಿದ ಹಕ್ಕಿನಿಂದ ಮಾರಿದರೆ ಆ ಮಾರಾಟಕ್ಕೆ ಮೊದಲ ದಿನದಿಂದಲೇ ಬೆಲೆಯಿಲ್ಲ. ಅಂಥ ಪಾಲಕರು ಮಗುವಿನ ಆಸ್ತಿಯನ್ನು ವಿಲೇವಾರಿ ಮಾಡುವಂತಿಲ್ಲ ಎಂದು 11ನೇ ಸೆಕ್ಷನ್ ಖಡಾಖಂಡಿತವಾಗಿ ಹೇಳುತ್ತದೆ. ಮಗುವಿನ ಫೀಸಿಗೆಂದೇ ಮಾರಿದೆವು, ಒಂದು ರೂಪಾಯಿಯನ್ನೂ ನಾವು ಮುಟ್ಟಲಿಲ್ಲ ಎಂಬುದು ನಿಜವೇ ಇದ್ದರೂ ಕ್ರಯಪತ್ರ ಊರ್ಜಿತವಾಗುವುದಿಲ್ಲ.

ಆದ್ದರಿಂದ ಚಿಕ್ಕಮ್ಮ ನ್ಯಾಯಾಲಯಕ್ಕೆ ಹೋಗಬೇಕು. ಮಗು ವಾಸವಾಗಿರುವ ಊರಿನ ವ್ಯಾಪ್ತಿಯ ಕೋರ್ಟು. ಮಗುವಿನ ಪಾಲನೆಯ ವಿಷಯವನ್ನು ಕುಟುಂಬ ನ್ಯಾಯಾಲಯ ನೋಡುತ್ತದೆ, ಆಸ್ತಿಯ ಪಾಲಕತ್ವಕ್ಕೆ ಜಿಲ್ಲಾ ನ್ಯಾಯಾಲಯದಲ್ಲಿ ಅರ್ಜಿ. ಮಗುವಿನ ಹೆಸರು, ಧರ್ಮ, ಹುಟ್ಟಿದ ತಾರೀಕು, ಯಾರ ಬಳಿ ಇದೆ, ಹತ್ತಿರದ ಬಂಧುಗಳು ಯಾರು, ಅವರ ವಿಳಾಸ, ಆಸ್ತಿ ಏನಿದೆ, ಅದರ ಬೆಲೆ ಎಷ್ಟು, ಹಿಂದೆ ಯಾರಾದರೂ ಪಾಲಕರಾಗಿ ನೇಮಕಗೊಂಡಿದ್ದರೇ, ಎಲ್ಲವನ್ನೂ ಅರ್ಜಿಯಲ್ಲಿ ಬರೆಯಬೇಕು. ಪಾಲಕಿಯಾಗಲು ತಾನು ಸಿದ್ಧ ಎಂಬ ಘೋಷಣೆಗೆ ಚಿಕ್ಕಮ್ಮ ಸಹಿ ಹಾಕಬೇಕು, ಅದಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಬಂಧುಗಳ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರನ್ನು, ಅಜ್ಜನ ಹೆಸರನ್ನು ಬಿಡಬಾರದು. ಜಗಳ ಬೇಡವೆಂದು ಬಿಟ್ಟರೆ, ನಮಗೆ ತಿಳಿಸದೆ ಆದೇಶ ಪಡೆದರು ಎಂದು ಅವರು ಆಮೇಲೆ ಅದೇ ಆದೇಶವನ್ನು ಪ್ರಶ್ನಿಸುತ್ತಾರೆ.

ನೋಟಿಸ್ ಹೋದ ಮೇಲೆ ದೊಡ್ಡಪ್ಪ ಬಂದು ತಕರಾರು ಹೇಳಬಹುದು. ಅಪ್ಪನ ಕಡೆಯವರೆಂಬ ಒಂದೇ ಕಾರಣಕ್ಕೆ ಅವರ ಕೈ ಮೇಲಾಗುವುದಿಲ್ಲ. ಮಗುವಿನ ಹಿತ ಎಲ್ಲಿದೆ ಎಂಬುದನ್ನು ನ್ಯಾಯಾಧೀಶರು ನೋಡುತ್ತಾರೆ: ಅದರ ವಯಸ್ಸು, ಹೆಣ್ಣೋ ಗಂಡೋ, ಅರ್ಜಿದಾರರ ನಡತೆ, ತೀರಿಕೊಂಡ ತಂದೆ ತಾಯಿಯ ಇಚ್ಛೆ ಏನಾದರೂ ಇತ್ತೇ, ಮಗುವಿನ ಆಸ್ತಿಯ ಜೊತೆ ಅರ್ಜಿದಾರರಿಗೆ ಏನಾದರೂ ವ್ಯವಹಾರ ಇದೆಯೇ. ಬುದ್ಧಿ ಬಂದ ಮಗುವಾದರೆ ಅದರ ಇಷ್ಟವನ್ನೂ ಕೇಳುತ್ತಾರೆ. ಸೈಟನ್ನು ತಾವೇ ಉಳುಮೆಗೋ ಬಾಡಿಗೆಗೋ ಬಳಸುತ್ತಿರುವ ದೊಡ್ಡಪ್ಪ ಪಾಲಕತ್ವ ಕೇಳಿದರೆ ಆ ಕೊನೆಯ ಅಂಶ ಅವರಿಗೆ ತೊಡಕಾಗುತ್ತದೆ.

ಆದೇಶ ಬಂದ ದಿನದಿಂದ ಚಿಕ್ಕಮ್ಮ ಲೀಗಲ್ ಗಾರ್ಡಿಯನ್. ಈಗ ಎರಡನೆಯ ಚೌಕದಲ್ಲಿ ಟಿಕ್ ಹಾಕಬಹುದು, ಆದೇಶದ ದೃಢೀಕೃತ ಪ್ರತಿಯನ್ನು ಜೊತೆಗಿಡಬೇಕು. ಆದೇಶ ಪಾಲನೆಗೆ ಮಾತ್ರವೋ, ಆಸ್ತಿಗೂ ಸೇರಿಯೋ ಎಂಬುದನ್ನು ಓದಿ ನೋಡಬೇಕು. ಪಾಲನೆಗೆ ಮಾತ್ರ ಸಿಕ್ಕ ಆದೇಶದಿಂದ ಠೇವಣಿಯ ಹಣ ಬರುವುದಿಲ್ಲ. ಆಸ್ತಿಯ ಪಾಲಕಿಯಾದರೆ ಆಸ್ತಿಯ ಪಟ್ಟಿ, ಲೆಕ್ಕಪತ್ರ ಕೊಡುವಂತೆ ಕೋರ್ಟು ಕೇಳಬಹುದು. ಸೈಟು ಮಾರಲು ಮತ್ತೆ ಅನುಮತಿ ಬೇಕು. ಮಗುವನ್ನು ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ನೆಲೆಸಲು ಕರೆದೊಯ್ಯಬೇಕಾದರೂ ಅನುಮತಿ ಕೇಳಬೇಕು. ಹುಡುಗಿಗೆ 18 ತುಂಬಿದ ದಿನ ಈ ಪಾಲಕತ್ವ ತಾನಾಗಿ ಮುಗಿಯುತ್ತದೆ.

ಇಷ್ಟೆಲ್ಲ ಯಾಕೆ, ದತ್ತು ತೆಗೆದುಕೊಂಡುಬಿಟ್ಟರೆ ಆಗುವುದಿಲ್ಲವೇ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ದತ್ತು ಮತ್ತು ಪಾಲಕತ್ವ ಒಂದೇ ಕೆಲಸದ ಎರಡು ಹೆಸರಲ್ಲ. ಪಾಲಕತ್ವ ಹುಡುಗಿಯ ಕುಟುಂಬವನ್ನು ಬದಲಿಸುವುದಿಲ್ಲ. ಅವಳು ತೀರಿಕೊಂಡ ಅಪ್ಪ ಅಮ್ಮನ ಮಗಳಾಗಿಯೇ ಉಳಿಯುತ್ತಾಳೆ, ಅವರ ಕಡೆಯಿಂದ ಬರಬೇಕಾದ್ದೆಲ್ಲ ಬರುತ್ತದೆ. ಚಿಕ್ಕಮ್ಮನ ಆಸ್ತಿಯಲ್ಲಿ ಮಾತ್ರ ಅವಳಿಗೆ ಪಾಲಿಲ್ಲ, ಉಯಿಲು ಬರೆದರೆ ಉಂಟು. ದತ್ತು ಇದೆಲ್ಲವನ್ನೂ ತಿರುಗಿಸುತ್ತದೆ. ದತ್ತಾದ ದಿನದಿಂದ ಅವಳು ಚಿಕ್ಕಮ್ಮ ಚಿಕ್ಕಪ್ಪನ ಮಗಳು, ಅವರ ವಾರಸುದಾರಳು, ಹಳೆಯ ಮನೆಯ ಜೊತೆಗಿನ ಕಾನೂನಿನ ನಂಟು ಕಡಿದಂತೆ.

ನಮ್ಮ ಉದಾಹರಣೆಯಲ್ಲಿ ಇದರ ಪರಿಣಾಮ ಹೀಗಿರುತ್ತದೆ. ಅಪ್ಪನ ಠೇವಣಿ ಮತ್ತು ಸೈಟು ಆಗಲೇ ಹುಡುಗಿಯ ಪಾಲಿಗೆ ಬಂದಾಗಿದೆ. ದತ್ತಾದರೂ ಅವು ಅವಳವೇ. ಆದರೆ ಅಜ್ಜನ ನಾಲ್ಕು ಎಕರೆ ಇನ್ನೂ ಅಜ್ಜನದು. ಅವರು ಉಯಿಲು ಬರೆಯದೆ ತೀರಿಕೊಂಡರೆ, ಮೊದಲೇ ತೀರಿದ ಮಗನ ಮಗಳಾಗಿ ಹುಡುಗಿಗೆ ದೊಡ್ಡಪ್ಪನ ಜೊತೆ ಪಾಲು ಸಿಗುತ್ತದೆ. ಅಷ್ಟರೊಳಗೆ ದತ್ತಾಗಿದ್ದರೆ ಆ ಪಾಲು ಹೋಯಿತು. ಚಿಕ್ಕಮ್ಮನ ಮನೆಯವರು ದತ್ತಿನ ದಾರಿ ಹಿಡಿಯುವ ಮೊದಲು ಅಜ್ಜನ ಹತ್ತಿರ ಕೂತು ಮಾತಾಡಿ, ಮೊಮ್ಮಗಳ ಹೆಸರಿಗೆ ಉಯಿಲೋ ದಾನಪತ್ರವೋ ಆಗುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಮಗುವಿಗಾಗಿ ಈ ಮಾತನ್ನು ಸಂಕೋಚವಿಲ್ಲದೆ ಆಡಬೇಕು.

ಇನ್ನೊಂದು ತೊಡಕು ಚಿಕ್ಕಮ್ಮನ ಸ್ವಂತ ಮಗಳದ್ದು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಪ್ರಕಾರ, ಮಗಳಿದ್ದವರು ಇನ್ನೊಂದು ಹೆಣ್ಣುಮಗುವನ್ನು ದತ್ತು ಪಡೆಯುವಂತಿಲ್ಲ. ಗಂಡುಮಗು ಇದ್ದವರಿಗೆ ಗಂಡುಮಗುವಿನ ವಿಷಯದಲ್ಲೂ ಹಾಗೆಯೇ. ಜೊತೆಗೆ, ಆ ಕಾಯ್ದೆಯಲ್ಲಿ ಮಗುವನ್ನು ಕೊಡುವವರು ಒಬ್ಬರು ಇರಲೇಬೇಕು. ತಂದೆ, ತಾಯಿ ಅಥವಾ ಪಾಲಕರು ಮಾತ್ರ ಕೊಡಬಹುದು. ತಂದೆ ತಾಯಿ ಇಬ್ಬರೂ ಇಲ್ಲದಾಗ ಪಾಲಕರು ಕೊಡಬೇಕಾದರೆ ಮೊದಲೇ ನ್ಯಾಯಾಲಯದ ಒಪ್ಪಿಗೆ ಬೇಕು. ಬಂಧುಗಳೆಲ್ಲ ಸೇರಿ, ಅಜ್ಜಿ ಮಗುವನ್ನು ಮಡಿಲಿಗೆ ಹಾಕಿ, ಪುರೋಹಿತರು ಹೋಮ ಮಾಡಿಸಿ, ಆಮೇಲೆ ದತ್ತಕ ಪತ್ರವನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದರೂ, ಕೊಟ್ಟ ಅಜ್ಜಿಗೆ ಕೊಡುವ ಅಧಿಕಾರವೇ ಇರಲಿಲ್ಲವಾದರೆ ಆ ದತ್ತು ನಿಲ್ಲುವುದಿಲ್ಲ. ನೋಂದಣಿಯಿಂದ ದತ್ತು ಸರಿಯಾಗಿ ನಡೆದಿದೆ ಎಂಬ ಊಹೆ ಹುಟ್ಟುತ್ತದೆಯೇ ಹೊರತು, ಇಲ್ಲದ ಅಧಿಕಾರ ಬರುವುದಿಲ್ಲ.

ಮಗಳಿರುವ ಈ ಚಿಕ್ಕಮ್ಮನಿಗೆ ದಾರಿ ಇರುವುದು 2015ರ ಬಾಲ ನ್ಯಾಯ ಕಾಯ್ದೆಯಲ್ಲಿ. ಅದರಲ್ಲಿ ಬಂಧುಗಳೊಳಗಿನ ದತ್ತಿಗೆ ಪ್ರತ್ಯೇಕ ಅವಕಾಶವಿದೆ, ಯಾವ ಧರ್ಮದವರಿಗೂ ಅದು ಮುಕ್ತ. ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಎರಡೂ ಕಡೆಯ ಅಜ್ಜ ಅಜ್ಜಿ, ಇವರನ್ನಷ್ಟೇ ಆ ಕಾಯ್ದೆ ಬಂಧುಗಳೆಂದು ಗುರುತಿಸುತ್ತದೆ. ಒಡಹುಟ್ಟಿದ ಅಕ್ಕ ಅಣ್ಣಂದಿರು ಅದರಲ್ಲಿ ಬರುವುದಿಲ್ಲ. ದೊಡ್ಡ ಅಕ್ಕ ತಮ್ಮನನ್ನು ಸಾಕುತ್ತಿದ್ದರೆ ಅವಳಿಗೆ ಉಳಿಯುವುದು ಪಾಲಕತ್ವದ ದಾರಿ.

ಚಿಕ್ಕಮ್ಮ ಮತ್ತು ಅವಳ ಗಂಡ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಕಾರಾದ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಬೇಕು. ತಂದೆ ತಾಯಿ ಇಲ್ಲದ ಕಾರಣ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ ಬೇಕು. ಐದು ವರ್ಷ ದಾಟಿದ ಮಗುವಾದ್ದರಿಂದ ಹುಡುಗಿಯ ಒಪ್ಪಿಗೆಯೂ ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕಡತ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ಮೊದಲು ಇದಕ್ಕೂ ನ್ಯಾಯಾಲಯವೇ ಆದೇಶ ಕೊಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿಗೆ ಬಂದಿದೆ, ಎರಡು ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ.

ಆದೇಶ ಕೈಗೆ ಬಂದ ಮೇಲೆ ಚಿಕ್ಕಮ್ಮ ಯಾವ ಚೌಕದಲ್ಲಿ ಟಿಕ್ ಹಾಕಬೇಕು? ಇಲ್ಲಿ ಬ್ಯಾಂಕಿನವರೂ ತಪ್ಪುತ್ತಾರೆ. ಕಚೇರಿಯಿಂದ ಆದೇಶ ತಂದಿದ್ದೀರಲ್ಲ, ಹಾಗಾಗಿ ಲೀಗಲ್ ಗಾರ್ಡಿಯನ್ ಎನ್ನುತ್ತಾರೆ. ಕೆಲವರು ಪಾಲಕತ್ವದ ಕೋರ್ಟ್ ಆದೇಶವನ್ನೂ ತನ್ನಿ ಎನ್ನುತ್ತಾರೆ. ದತ್ತು ಪಡೆದವರು ಕಾನೂನಿನ ಕಣ್ಣಲ್ಲಿ ತಂದೆ ತಾಯಿಯೇ. ಅವರು ಟಿಕ್ ಹಾಕಬೇಕಾದ್ದು ನ್ಯಾಚುರಲ್ ಗಾರ್ಡಿಯನ್ ಚೌಕದಲ್ಲಿ. ಜನನ ಪ್ರಮಾಣಪತ್ರದಲ್ಲಿ ಅವರ ಹೆಸರು ಬಂದ ಮೇಲೆ ಪ್ರತಿ ಕಚೇರಿಯಲ್ಲೂ ದತ್ತಿನ ಆದೇಶ ತೋರಿಸುವ ಅಗತ್ಯವೂ ಬೀಳುವುದಿಲ್ಲ.

ಈ ಗೊಂದಲಕ್ಕೆ ಇತಿಹಾಸದ ಕಾರಣವೂ ಇದೆ. ದತ್ತಿನ ಕಾಯ್ದೆ ಇದ್ದದ್ದು ಹಿಂದೂಗಳಿಗೆ ಮಾತ್ರ. ಕ್ರೈಸ್ತರು, ಮುಸ್ಲಿಮರು, ಪಾರ್ಸಿಗಳು ಮಗುವನ್ನು ಮನೆಗೆ ತಂದರೆ 1890ರ ಕಾಯ್ದೆಯಡಿ ಪಾಲಕರಾಗಿ ಆದೇಶ ಪಡೆಯುವುದಷ್ಟೇ ಅವರಿಗಿದ್ದ ದಾರಿ. ಮಗುವನ್ನು ಮಗುವಾಗಿಯೇ ಬೆಳೆಸಿದರೂ ಕಾಗದದಲ್ಲಿ ಅವರು ಪಾಲಕರು, ಮಗು ಅವರ ವಾರ್ಡ್. ಮಗು ಪ್ರಾಪ್ತವಾದಾಗ ಆ ಸಂಬಂಧ ಕಾಗದದಲ್ಲಿ ಮುಗಿಯುತ್ತಿತ್ತು. ಬಾಲ ನ್ಯಾಯ ಕಾಯ್ದೆ ಈ ಬಾಗಿಲನ್ನು ಎಲ್ಲರಿಗೂ ತೆರೆಯಿತು. ವೈಯಕ್ತಿಕ ಕಾನೂನು ಏನೇ ಹೇಳಲಿ, ಬಯಸಿದವರು ಈ ಕಾಯ್ದೆಯಡಿ ದತ್ತು ಪಡೆಯಬಹುದು ಎಂದು 2014ರಲ್ಲಿ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು. ಹಳೆಯ ಪಾಲಕತ್ವದ ಆದೇಶವನ್ನೇ ದತ್ತಿನ ಆದೇಶವೆಂದು ಪೆಟ್ಟಿಗೆಯಲ್ಲಿಟ್ಟುಕೊಂಡ ಕುಟುಂಬಗಳು ಈಗಲೂ ಇವೆ. ಅಂಥವರು ಆ ಕಾಗದವನ್ನು ತೆಗೆದು, ಯಾವ ಕಾಯ್ದೆಯ ಹೆಸರಿದೆ ಎಂದು ಓದಬೇಕು. 1890 ಎಂದಿದ್ದರೆ ಅದು ದತ್ತಲ್ಲ. ಮಗುವಿಗೆ ಆಸ್ತಿ ಸೇರಬೇಕೆಂದರೆ ಉಯಿಲು ಬರೆಯಲೇಬೇಕು.

ಮಲತಂದೆಯ ಸಂಗತಿಯೂ ಇದೇ ದಾರಿಯಲ್ಲಿ ಬಿಡಿಸಿಕೊಳ್ಳುತ್ತದೆ. ಗಂಡ ತೀರಿಕೊಂಡ ಮೇಲೆ ಮರುಮದುವೆಯಾದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗುವಿಗೆ ಉಳಿದಿರುವ ಏಕೈಕ ಸಹಜ ಪಾಲಕಿ ತಾಯಿ, ಮಗುವಿನ ಅಡ್ಡಹೆಸರನ್ನು ತೀರ್ಮಾನಿಸುವ ಹಕ್ಕು ಅವಳದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಡ್ಡಹೆಸರು ಬದಲಾಯಿತೆಂದು ಹೊಸ ಗಂಡ ಪಾಲಕನಾಗುವುದಿಲ್ಲ. ಅವನು ದತ್ತು ಪಡೆದರೆ ಆಗುತ್ತಾನೆ. ಅಲ್ಲಿಯವರೆಗೆ ಅರ್ಜಿಗೆ ಸಹಿ ಹಾಕಬೇಕಾದವಳು ತಾಯಿ.

ತಂದೆ ಬದುಕಿದ್ದರೆ ಚಿಕ್ಕಮ್ಮನ ಸ್ಥಿತಿ ಪೂರ್ತಿ ಬೇರೆ. 2019ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಒಂದು ಪ್ರಕರಣದಲ್ಲಿ ತಾಯಿಗೆ ಗರ್ಭಿಣಿಯಾಗಿದ್ದಾಗಲೇ ಸ್ತನ ಕ್ಯಾನ್ಸರ್ ಇರುವುದು ತಿಳಿಯಿತು. ತಂದೆಯೂ ಕಾಯಿಲೆ ಬಿದ್ದರು. ಕೂಸನ್ನು ತಾಯಿಯ ಅಕ್ಕತಂಗಿಯರು ಎದೆಗವಚಿಕೊಂಡು ಸಾಕಿದರು. ತಾಯಿ ತೀರಿಕೊಂಡು, ತಂದೆ ಚೇತರಿಸಿಕೊಂಡು ಮಗುವನ್ನು ಕೇಳಿದಾಗ ಅವರು ಕೊಡಲಿಲ್ಲ. ಅವರ ಪ್ರೀತಿಯ ಬಗ್ಗೆ ನ್ಯಾಯಾಲಯಕ್ಕೆ ಸಂಶಯವಿರಲಿಲ್ಲ. ಆದರೆ ತಂದೆ ಸಹಜ ಪಾಲಕ, ಅವನು ಅಯೋಗ್ಯನೆಂದು ಯಾರೂ ತೋರಿಸಿಲ್ಲ, ಕಷ್ಟಕಾಲದಲ್ಲಿ ಮಗುವನ್ನು ನೋಡಿಕೊಂಡದ್ದರಿಂದ ಬಂಧುಗಳಿಗೆ ಪಾಲಕತ್ವ ಹುಟ್ಟುವುದಿಲ್ಲ ಎಂದು ಹೇಳಿ ಮಗುವನ್ನು ತಂದೆಗೆ ಒಪ್ಪಿಸಿತು. ಸಾಕಿದವರು ಬಂದು ನೋಡಿಹೋಗಲು ಅವಕಾಶ ಕೊಟ್ಟಿತು. ತಂದೆಯೋ ತಾಯಿಯೋ ಬದುಕಿದ್ದು ಅಯೋಗ್ಯರಲ್ಲದಿದ್ದರೆ, ಬೇರೊಬ್ಬರನ್ನು ಮಗುವಿನ ಪಾಲಕರಾಗಿ ನೇಮಿಸಲು ನ್ಯಾಯಾಲಯಕ್ಕೂ ಕಾಯ್ದೆಯ 19ನೇ ಸೆಕ್ಷನ್ ಅಡ್ಡ ಬರುತ್ತದೆ.

ಕರಾವಳಿಯ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ಕೊಲ್ಲಿ ದೇಶದಲ್ಲಿ, ಮಕ್ಕಳು ಅಜ್ಜಿಯ ಬಳಿ. ಅಲ್ಲಿ ಅಜ್ಜಿಗೆ ಕೋರ್ಟ್ ಆದೇಶವೂ ಬೇಡ, ದತ್ತೂ ಬೇಡ. ಖಾತೆಯ ಅರ್ಜಿಯಲ್ಲಿ ಪಾಲಕರಾಗಿ ತಂದೆ ಅಥವಾ ತಾಯಿಯ ಹೆಸರು, ಸಹಿ ಇರಬೇಕು. ಶಾಲೆಗೆ, ಆಸ್ಪತ್ರೆಗೆ ಅಜ್ಜಿ ಹೋಗಲು ಅವರೊಂದು ಅಧಿಕಾರಪತ್ರ ಬರೆದುಕೊಟ್ಟರೆ ಸಾಕು. ಈಗಾಗಲೇ ಅಜ್ಜಿಯ ಹೆಸರಲ್ಲಿ ಸುಕನ್ಯಾ ಖಾತೆ ತೆರೆದಿದ್ದವರು ಪಾಸ್‌ಬುಕ್, ಮಗುವಿನ ಜನನ ಪ್ರಮಾಣಪತ್ರ, ತಂದೆ ಅಥವಾ ತಾಯಿಯ ಗುರುತಿನ ಚೀಟಿ ತೆಗೆದುಕೊಂಡು, ಅವರು ರಜೆಗೆ ಊರಿಗೆ ಬಂದಾಗ ಅಂಚೆ ಕಚೇರಿಗೆ ಹೋಗಿ ಪಾಲಕರ ಹೆಸರು ಬದಲಿಸಿಕೊಳ್ಳಬಹುದು. ಕಟ್ಟಿದ ಹಣ ಮಗುವಿನ ಖಾತೆಯಲ್ಲೇ ಇರುತ್ತದೆ.